ಗೌರಕ್ಕನ ಓದು, ಭರಮವ್ವನ ಹೂಂ

ಹತ್ತರಗಿಯಲ್ಲಿ ಆಗ ಗೌರಕ್ಕ ಎಂಬ ಹೆಸರಿನವರು ಮೂವರಿದ್ದರು. ಒಬ್ಬಾಕೆ ಮೊಸರು ಮಾರುತ್ತಿದ್ದಳು, ಅವಳು ಮೊಸರು ಗೌರಕ್ಕ. ಇನ್ನೊಬ್ಬಾಕೆಯ ಮನೆಯಲ್ಲಿ ಎಣ್ಣೆಯ ಗಾಣವಿತ್ತು, ಅವಳು ಗಾಣದ ಗೌರಕ್ಕ. ಮೂರನೆಯವಳಿಗೆ ಮಾರುವುದಕ್ಕೆ ಏನೂ ಇರಲಿಲ್ಲ, ಗಂಡ ಇದ್ದೂ ಇಲ್ಲದ ಹಾಗೆ. ಅವಳು ಓದೂ ಗೌರಕ್ಕ. ಪರವೂರಿನವರು ಅದನ್ನು ಮೆಚ್ಚಿ ಇಟ್ಟ ಹೆಸರೆಂದೇ ತಿಳಿಯುತ್ತಿದ್ದರು. ಊರ ಬಾಯಿ ಅಷ್ಟು ಧಾರಾಳದ್ದಲ್ಲ. ಸಾಲಿ ಕಲಿಸುವ ಹೆಂಗಸಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಅಕ್ಕೋರು ಆಗಲು ಹೋಗಿ ಬರಿಗೈಲಿ ಬಂದವಳು, ಆದರೂ ಓದುವ ಚಟ ಬಿಡಲಿಲ್ಲ ಎಂಬ ಕುಹಕ ಆ ಹೆಸರಿನಲ್ಲಿತ್ತು. ಕರೆಯುವವರಿಗೆ ಅದು ಗೊತ್ತಿತ್ತು, ಕರೆಸಿಕೊಳ್ಳುವವಳಿಗೂ ಗೊತ್ತಿತ್ತು.

ಅವಳ ತವರು ಅಂಕಲಗಿ. ಅಪ್ಪ ಬಸವಣ್ಣನ ಭಕ್ತ, ಹೆಣ್ಣುಮಗಳಿಗೂ ನಾಲ್ಕಕ್ಷರ ಬರಲಿ ಎಂದು ನಾಲ್ಕನೆಯ ಇಯತ್ತೆಯವರೆಗೆ ಸಾಲಿಗೆ ಕಳಿಸಿದ್ದ. ಆಮೇಲೆ ಹತ್ತರಗಿಯ ರಾವಸಾಹೇಬನಿಗೆ ಕೊಟ್ಟು ಕೈ ತೊಳೆದುಕೊಂಡ. ರಾವಸಾಹೇಬ ಹೆಸರಿಗೆ ಸಾಹೇಬ, ಒಕ್ಕಲುತನ ಅವನ ಮೈಗೆ ಒಗ್ಗಲಿಲ್ಲ. ಗೋಕಾವಿಯ ಕಡೆ ಗಿರಣಿ ಕೆಲಸಕ್ಕೆ ಹೋದವನು ಅಲ್ಲಿಯೇ ಕೆಂಪವ್ವ ಎಂಬವಳ ಜೊತೆ ಸಂಸಾರ ಹೂಡಿದ. ಗೌರಕ್ಕನಿಗೆ ಮಕ್ಕಳಾಗಿರಲಿಲ್ಲ. ಅಷ್ಟು ನೆವ ಸಾಕಾಯಿತು.

ಮನೆಯಲ್ಲಿ ಉಳಿದವರು ಗೌರಕ್ಕ ಮತ್ತು ಅವಳ ಅತ್ತೆ ಭರಮವ್ವ. ಭರಮವ್ವನ ಎರಡೂ ಕಣ್ಣಿಗೆ ಪರೆ ಬಂದು ಹಗಲು ಯಾವುದು, ಕತ್ತಲೆ ಯಾವುದು ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಮಗ ಮಾಡಿದ್ದಕ್ಕೆ ಅವಳು ಸೊಸೆಯ ಎದುರು ಒಂದು ದಿನವೂ ಮಗನ ಪರ ವಹಿಸಲಿಲ್ಲ. "ನನ್ನ ಹೊಟ್ಟಿ ಸುಡಲಿ" ಎಂದಿದ್ದಳು ಒಮ್ಮೆ, ಅಷ್ಟೆ. ಸೊಸೆ ಕಂಡವರ ಹೊಲಕ್ಕೆ ಕಳೆ ತೆಗೆಯಲು ಹೋಗಿ, ಕಂಡವರ ಮನೆಯ ಶ್ಯಾವಿಗೆ ಹೊಸೆದು ಇಬ್ಬರ ಹೊಟ್ಟೆ ತುಂಬಿಸುತ್ತಿದ್ದಳು.

ಇದು ಮೂವತ್ತೊಂದನೆಯ ಇಸವಿಯ ಮಾತು. ಬೇಸಿಗೆಯಲ್ಲಿ ರಾವಸಾಹೇಬ ಊರಿಗೆ ಬಂದು ಜಗಲಿಯ ಮೇಲೆ ಕೂತು, ದೀಪಾವಳಿಗೆ ಕೆಂಪವ್ವನನ್ನೂ ಅವಳ ಮಗುವನ್ನೂ ಈ ಮನೆಗೆ ಕರೆತರುವುದಾಗಿ ಹೇಳಿದ.

"ನೀ ಇರಬ್ಯಾಡ ಅಂತ ನಾ ಅನ್ನೂದಿಲ್ಲ. ಹಿತ್ತಲ ಖೋಲಿ ಐತಿ. ಆಕಿ ಕೂಸಿನಾಕಿ, ಕೆಲಸಾ ದಗದಾ ಆಗೂದಿಲ್ಲ ಆಕಿಗೆ. ನೀ ಇದ್ರ ಬರೋಬರಿ ಆಗತೈತಿ" ಎಂದ.

ಅಂದರೆ ಸವತಿಯ ಮನೆಯಲ್ಲಿ ಆಳಾಗಿ ಇರು ಎಂದು. ಅವನು ಹೋದ ಮೇಲೆ ಗೌರಕ್ಕ ಬೀಸಲು ಕೂತವಳು ಕಲ್ಲು ನಿಲ್ಲಿಸಿ ಅತ್ತಳು. ತವರಿನಲ್ಲಿ ಅಪ್ಪ ಸತ್ತಿದ್ದ, ಅಣ್ಣನ ಹೆಂಡತಿ ಎರಡು ದಿನಕ್ಕಿಂತ ಹೆಚ್ಚು ನಿಂತ ನೆಂಟರಿಗೆ ಮಜ್ಜಿಗೆಯಲ್ಲಿ ನೀರು ಹೆಚ್ಚಿಸುವಂಥವಳು.

ಬೀಸುಕಲ್ಲಿನ ಸಪ್ಪಳ ನಿಂತದ್ದು ಗೋಡೆಯಾಚೆಯ ವೀರಪ್ಪ ಮಾಸ್ತರರಿಗೆ ಕೇಳಿಸಿತು. ಮೂವತ್ತು ವರ್ಷ ಹಳ್ಳಿ ಸಾಲಿಗಳಲ್ಲಿ ಕಲಿಸಿ ಪಿಂಚಣಿ ಪಡೆದು ಕೂತ ಮುದುಕ, ಹೆಂಡತಿ ಸತ್ತವರು. ಮಾರನೆಯ ದಿನ ಹೊತ್ತು ಏರುವ ಮುಂಚೆ ಬಂದು ಭರಮವ್ವನ ಹತ್ತಿರ ಕೂತರು. ಊರಿನ ಹೆಣ್ಣುಮಕ್ಕಳ ಸಾಲಿಯ ಅಕ್ಕೋರು ಮದುವೆಯಾಗಿ ಪುಣೆಗೆ ಹೊರಟಿದ್ದಾಳೆ, ಆ ಜಾಗಕ್ಕೆ ಓದುಬರಹ ಬಲ್ಲ ಹೆಂಗಸನ್ನು ಹಂಗಾಮಿಯಾಗಿ ತೆಗೆದುಕೊಳ್ಳುತ್ತಾರೆ, ದಸರೆಗೆ ಮುಂಚೆ ಸಾಲಿ ತಪಾಸಣೆಯ ಸಾಹೇಬರು ಹುಕ್ಕೇರಿಗೆ ಬಂದಾಗ ಬಂದವರನ್ನು ಓದಿಸಿ ನೋಡುತ್ತಾರೆ ಎಂದು ಸುದ್ದಿ ಹೇಳಿದರು.

"ಪಗಾರ ಭಾಳ ಇಲ್ಲ. ಆದರ ಸಾಲಿ ಬಾಜೂಕ ಒಂದು ಖೋಲಿ ಕೊಡತಾರ. ಅತ್ತಿ ಸೊಸಿ ಇಬ್ಬರೂ ಇರಬಹುದು. ಯಾರ ಹಂಗೂ ಬ್ಯಾಡ" ಎಂದರು.

ಹಂಗು ಬೇಡ ಎಂಬ ಆ ಮಾತು ಗೌರಕ್ಕನ ಎದೆಯಲ್ಲಿ ಕೂತುಬಿಟ್ಟಿತು. ಕೈ ಒರೆಸಿಕೊಂಡು ಬಂದು ನಿಂತಳು. ಮಾಸ್ತರರು ಚೀಲದಿಂದ ಒಂದು ಪುಸ್ತಕ ತೆಗೆದು ಕೊಟ್ಟು, ಓದು ನೋಡೋಣ ಎಂದರು.

ಸಾಲಿ ಬಿಟ್ಟು ಹದಿನೈದು ವರ್ಷವಾಗಿತ್ತು. ಅವಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು, ಹರಳು ಆರಿಸಿದ ಹಾಗೆ ಓದಿದಳು. ಅರ್ಧ ಪುಟ ಮುಗಿಯುವಷ್ಟರಲ್ಲಿ ಹಣೆಯ ವಿಭೂತಿ ಬೆವರಿಗೆ ಕರಗಿತು. ಮಧ್ಯದಲ್ಲಿ ಒಂದು ವಾಕ್ಯ ಬಂತು. "ರಾಜನು ಹುಲಿಯನ್ನು ಕೊಂದ" ಎಂದು ಅವಳು ನಿಂತಳು, ಉಸಿರು ಎಳೆದುಕೊಂಡು "ಬೇಡನಿಗೆ ಬಹುಮಾನ ಕೊಟ್ಟನು" ಎಂದಳು.

ಮೂಲೆಯಲ್ಲಿ ಹತ್ತಿ ಬಿಡಿಸುತ್ತಿದ್ದ ಭರಮವ್ವ ತಲೆ ಎತ್ತಿದಳು. "ಹುಲಿ ಕೊಂದಾಂವ ರಾಜಾ, ಬಹುಮಾನ ಬ್ಯಾಡಗ ಯಾಕ? ಇದ್ಯಾತರ ನ್ಯಾಯ?"

ಮಾಸ್ತರರು ನಕ್ಕರು. ನಕ್ಕು, ಕಿವಿಯ ಸಂದಿನ ಪೆನ್ಸಿಲ್ ತೆಗೆದು ಅವಳ ಮುಂದೆ ಇಟ್ಟರು. ಅವರ ಪಾಠ ಅಲ್ಲಿಂದಲೇ ಶುರುವಾಯಿತು.

"ನೋಡು ತಂಗಿ, ನೀ ಉಸಿರು ತೀರಿದಲ್ಲೆ ನಿಂತಿ. ಅರ್ಥ ತೀರಿದಲ್ಲೆ ನಿಲ್ಲಬೇಕು. ಹುಲಿಯನ್ನು ಕೊಂದ ಬೇಡ, ಅದು ಒಂದ ಗಂಟು. ಗಂಟು ಹರೀಬಾರದು. 'ರಾಜನು' ಅಂದಮ್ಯಾಲೆ ಒಂದು ಅಡ್ಡಗೀಟು ಹಾಕು, ಸಣ್ಣಂಗ ನಿಲ್ಲು. 'ಹುಲಿಯನ್ನು ಕೊಂದ ಬೇಡನಿಗೆ', ಅಲ್ಲಿ ಇನ್ನೊಂದು ಗೀಟು. 'ಬಹುಮಾನ ಕೊಟ್ಟನು', ಅಲ್ಲಿ ಎರಡು ಗೀಟು. ಎರಡು ಗೀಟಿಗೆ ಪೂರ್ತಿ ನಿಲ್ಲಬೇಕು. ಉಸಿರು ಬೇಕಾದ್ರ ಗೀಟಿನ್ಯಾಗ ತಗೋ. ಉಸಿರು ಬಿದ್ದಲ್ಲೆ ಗೀಟು ಎಳೀಬ್ಯಾಡ."

"ಪುಸ್ತಕದಾಗ ಅಚ್ಚು ಹಾಕಿದ ಚುಕ್ಕಿ ಅದಾವಲ್ರಿ" ಎಂದಳು ಗೌರಕ್ಕ.

"ಚುಕ್ಕಿ ಅಚ್ಚಿನಾಂವ ಹಾಕಿದ್ದು. ಅಂವ ಹಾಕಿದ್ದು ಸಾಲೂದಿಲ್ಲ. ಮೊದಲ ಕಣ್ಣಲೆ ಓದು, ಬಾಯಿ ತೆರೀಬ್ಯಾಡ. ಯಾರು, ಏನು ಮಾಡಿದರು ಅಂತ ತಿಳೀಲಿ. ಆಮ್ಯಾಲೆ ಗೀಟು. ಆಮ್ಯಾಲೆ ಬಾಯಿ."

ಯಾವ ಪುಸ್ತಕ ಓದಬೇಕು ಎಂಬುದಕ್ಕೂ ಅವರ ಹತ್ತಿರ ಲೆಕ್ಕವಿತ್ತು. ಮೊದಲ ದಿನವೇ ಅವಳು ಮಠದಿಂದ ಪುರಾಣದ ಪುಸ್ತಕ ತರುತ್ತೇನೆ ಎಂದಾಗ ಬೇಡವೆಂದರು. ಪದ್ಯ ತನ್ನ ಧಾಟಿಯಲ್ಲಿ ತಾನೇ ಎಳೆದುಕೊಂಡು ಹೋಗುತ್ತದೆ, ನೀನು ಓದಿದೆಯೋ ಹಾಡಿದೆಯೋ ನಿನಗೇ ತಿಳಿಯುವುದಿಲ್ಲ, ಗದ್ಯವನ್ನೇ ಓದು ಎಂದರು. ಒಂದು ಪುಟ ತೆರೆ, ನಾಲ್ಕೈದಕ್ಕಿಂತ ಹೆಚ್ಚು ಕಡೆ ಎಡವಿದರೆ ಆ ಪುಸ್ತಕ ಇವತ್ತಿಗೆ ನಿನ್ನದಲ್ಲ, ಮುಚ್ಚಿ ಇಡು, ತಿಂಗಳು ಬಿಟ್ಟು ತೆರೆ. ಒಂದು ಕಡೆಯೂ ಎಡವದಿದ್ದರೆ ಅದೂ ಬೇಡ, ಸವೆದ ದಾರಿಯಲ್ಲಿ ನಡೆದರೆ ಕಾಲಿಗೆ ಬಲ ಬರುವುದಿಲ್ಲ. ಹೀಗೆ ಮೂರನೆಯ ಇಯತ್ತೆಯ ಪುಸ್ತಕದಿಂದ ಶುರುಮಾಡಿ, ಕಥೆಗಳ ಪುಸ್ತಕಕ್ಕೆ, ಅಲ್ಲಿಂದ ಹಳೆಯ ಸಾಪ್ತಾಹಿಕಗಳಿಗೆ, ಕಡೆಗೆ ಚಾವಡಿಯ ಗೋಡೆಗೆ ಅಂಟಿಸುವ ಸರಕಾರಿ ಜಾಹೀರಿಗೆ ಅವಳನ್ನು ಏರಿಸಿದರು.

ದಿನಕ್ಕೆ ಒಂದೇ ಪುಟ. ಆದರೆ ಒಂದು ದಿನವೂ ತಪ್ಪಬಾರದು. ಒಂದೇ ಪುಟವನ್ನು ನಾಲ್ಕು ದಿನ ಓದಬೇಕು. ಮೊದಲ ದಿನ ಗೀಟು ಹಾಕಿ ನಿಧಾನ, ಎರಡನೆಯ ದಿನ ಮಾತಾಡುವ ವೇಗಕ್ಕೆ, ಮೂರನೆಯ ದಿನ ದನಿಯ ಏರಿಳಿತ ಕೂಡಿಸಿ. ನಾಲ್ಕನೆಯ ದಿನ ರಬ್ಬರಿನಿಂದ ಗೀಟುಗಳನ್ನೆಲ್ಲ ಅಳಿಸಿ ಓದಬೇಕು.

"ಗೀಟು ಅಂದ್ರ ಕೂಸಿನ ಮೂರುಗಾಲಿ ಬಂಡಿ ಇದ್ದಂಗ" ಎನ್ನುತ್ತಿದ್ದರು ಮಾಸ್ತರರು. "ನಡಿಯಾಕ ಬಂದಮ್ಯಾಲೆ ಕಸಗೋಬೇಕು. ಇಲ್ಲಂದ್ರ ಜನ್ಮಪೂರ್ತಿ ಬಂಡಿ ಹಿಡಕೊಂಡು ನಡೀತೈತಿ."

ಇನ್ನು ಕೇಳುವವರು ಬೇಕು. ಪುಸ್ತಕ ಕಾಣದವರು ಬೇಕು, ಏಕೆಂದರೆ ಪುಸ್ತಕ ನೋಡುತ್ತ ಕೇಳುವವರು ಓದುವವಳ ತಪ್ಪನ್ನು ತಮ್ಮ ಕಣ್ಣಿನಿಂದ ತಿದ್ದಿಕೊಂಡುಬಿಡುತ್ತಾರೆ. ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಭರಮವ್ವ ಮೂಲೆಯಲ್ಲಿಯೇ ಇದ್ದಳು.

"ಭರಮಕ್ಕಾ, ಆಕಿ ಎರಡು ಗೀಟಿಗೆ ನಿಂತಾಗ ತಿಳಿದಿದ್ರ ಹೂಂ ಅನ್ನು. ತಿಳೀದಿದ್ರ ಏನ ಅನ್ನು. ತಂಗಿ, ಅತ್ತಿ ಏನ ಅಂದ್ರ ತಿರುಗಿ ಅದ ವಾಕ್ಯ ಓದು. ಹೂಂ ಅಂದಮ್ಯಾಲೇ ಮುಂದ ಹೋಗು" ಎಂದು ಮಾಸ್ತರರು ಕಟ್ಟು ಮಾಡಿದರು.

ಹೂಂಗುಟ್ಟುವುದು ನಮ್ಮ ಕಡೆಯ ಹಳೆಯ ರೂಢಿ. ಕಥೆ ಹೇಳುವವರು ಹೇಳುತ್ತಿದ್ದರೆ ಕೇಳುವವರಲ್ಲಿ ಒಬ್ಬರು ಹೂಂ ಎನ್ನುತ್ತಲೇ ಇರಬೇಕು. ಹೂಂ ನಿಂತರೆ ಕೇಳುವವರು ಮಲಗಿದರೆಂದು ಕಥೆಯೂ ನಿಲ್ಲುತ್ತದೆ. ಭರಮವ್ವ ಆ ಕೆಲಸದಲ್ಲಿ ಪಳಗಿದ ಕೈ. ಅವಳಿಗೆ ಒಂದೇ ಹೂಂ ಇರಲಿಲ್ಲ. ಸುಮ್ಮನೆ ತಿಳಿಯಿತು ಎಂಬುದಕ್ಕೆ ಒಂದು, ಅಯ್ಯೋ ಪಾಪ ಎಂಬುದಕ್ಕೆ ಒಂದು, ಆ ಕಳ್ಳನನ್ನು ನಾನು ಬಲ್ಲೆ ಎಂಬುದಕ್ಕೆ ಇನ್ನೊಂದು.

ಆ ಮಳೆಗಾಲ ಅತ್ತೆ ಸೊಸೆಯರಿಬ್ಬರಿಗೂ ಚೆನ್ನಾಗಿ ಕಳೆಯಿತು. ಚೆನ್ನಾಗಿ ಕಳೆದದ್ದು ಅದೊಂದೇ. ಗೌರಕ್ಕ ಹೊಲದಿಂದ ಬಂದು ಕೈಕಾಲು ತೊಳೆದು, ದೀಪ ಹಚ್ಚುವ ಮುಂಚಿನ ಆ ಒಂದು ಗಳಿಗೆಯಲ್ಲಿ ಬಾಗಿಲ ಬೆಳಕಿಗೆ ಕೂತು ಓದುತ್ತಿದ್ದಳು. ಮೊದಮೊದಲು ಭರಮವ್ವ ಹೂಂಗಿಂತ ಹೆಚ್ಚು ಏನ, ಏನ ಎಂದೇ ಎನ್ನುತ್ತಿದ್ದಳು. "ಅಷ್ಟ ಗಡಿಬಿಡಿ ಯಾಕ? ನಿನಗ ಬಂಡಿ ತಪ್ಪತೈತೇನು?" ಎಂದು ಕೆಣಕುತ್ತಿದ್ದಳು. ಶ್ರಾವಣದ ಹೊತ್ತಿಗೆ ಏನ ಎಂಬುದು ಅಪರೂಪವಾಯಿತು. ಭಾದ್ರಪದದಲ್ಲಿ ಒಂದು ದಿನ, ಕರುವನ್ನು ಬಿಟ್ಟು ಸಂತೆಗೆ ಮಾರಾಟಕ್ಕೆ ಹೋದ ತಾಯಿ ಹಸುವಿನ ಕಥೆ ಓದುವಾಗ, ಹೂಂ ಬರಬೇಕಾದ ಕಡೆ ಬರಲಿಲ್ಲ. ತಲೆ ಎತ್ತಿ ನೋಡಿದರೆ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗೌರಕ್ಕ ಕಾದಳು. ಮುದುಕಿ ಮೂಗು ಸೀಟಿ, ಹೂಂ ಎಂದಳು. ಆಮೇಲೆ ಓದು ಮುಂದುವರಿಯಿತು.

ಇದ್ದಾಳೋ ಇಲ್ಲವೋ ಎನ್ನುವಂತಿದ್ದ ಗೌರಕ್ಕ ಆ ಐದು ತಿಂಗಳಲ್ಲಿ ಬೇರೆ ಹೆಂಗಸಾದಳು. ಅವಳ ಓದು ತಿಳಿನೀರು ಹರಿದ ಹಾಗಿತ್ತು. ಎಲ್ಲಿಯೂ ತಡವರಿಕೆಯಿಲ್ಲ, ಎಲ್ಲಿಯೂ ಓಟವಿಲ್ಲ. ನೆರೆಯ ಸತ್ತೆವ್ವ ಕೂಡ ಸೊಪ್ಪು ಸೋಸುವ ನೆವದಲ್ಲಿ ಬಂದು ಕೂತು ಹೂಂಗುಟ್ಟುತ್ತಿದ್ದಳು. ನಡುವೆ ಒಮ್ಮೆ ರಾವಸಾಹೇಬ ಬಂದವನು ಹೊಸ್ತಿಲಲ್ಲಿ ನಿಂತು ಕೇಳಿ, "ಕಣ್ಣಿಲ್ಲದಾಕಿ ಮುಂದ ಕೆಲಸಿಲ್ಲದಾಕಿ ಓದು. ಛಲೋ ನಡದೈತಿ" ಎಂದು ಹೇಳಿ ಹೋದ. ಗೌರಕ್ಕ ಓದನ್ನು ನಿಲ್ಲಿಸಲಿಲ್ಲ. ಭರಮವ್ವ ಮಗನಿಗೆ ಕೇಳಲಿ ಎಂದೇ ದೊಡ್ಡ ದನಿಯಲ್ಲಿ ಹೂಂ ಎಂದಳು.

ಮಹಾನವಮಿಗೆ ಹತ್ತು ದಿನವಿರುವಾಗ ಹುಕ್ಕೇರಿಗೆ ಬರಲು ಕರೆ ಬಂತು. ವೀರಪ್ಪ ಮಾಸ್ತರರು ಎತ್ತಿನ ಚಕ್ಕಡಿ ಗೊತ್ತುಮಾಡಿ ತಾವೇ ಕರೆದುಕೊಂಡು ಹೋದರು. ಹೊರಡುವಾಗ ಭರಮವ್ವ ಸೊಸೆಯ ಮುಖವನ್ನು ಎರಡೂ ಕೈಯಿಂದ ತಡವಿ, ತನ್ನ ಕೊರಳಲ್ಲಿನ ಬೆಳ್ಳಿಯ ಲಿಂಗದಕಾಯಿ ಮುಟ್ಟಿದ ಕೈಯನ್ನು ಅವಳ ತಲೆಯ ಮೇಲಿಟ್ಟಳು. "ನಾ ಬಂದಿದ್ರ ಬಾಜೂಕ ಕೂಡತಿದ್ನಿ" ಎಂದಳು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೆ ಚೆನ್ನಾಗಿತ್ತು.

ಹುಕ್ಕೇರಿಯಲ್ಲಿ ಒಂದು ಸಾಲಿಯ ಕೋಣೆಯಲ್ಲಿ ಸಾಹೇಬರು ಕೂತಿದ್ದರು. ಧಾರವಾಡದ ಕಡೆಯ ಮನುಷ್ಯ, ಕೋಟು, ರುಮಾಲು, ಮೂಗಿನ ಮೇಲೆ ಚಷ್ಮಾ. ಕೆಟ್ಟವರೇನೂ ಅಲ್ಲ. ಬೆಳಗಿನಿಂದ ಮೂರು ಸಾಲಿ ನೋಡಿ ದಣಿದಿದ್ದರು, ಇನ್ನೂ ಎರಡು ನೋಡಬೇಕಾಗಿತ್ತು. ಜವಾನ ಮಾಸ್ತರರನ್ನು ಒಳಗೆ ಬಿಡಲಿಲ್ಲ, ಅವರು ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತರು. ಗೌರಕ್ಕನಲ್ಲದೆ ಇನ್ನೊಬ್ಬಳು ಬಂದಿದ್ದಳು. ಹುಕ್ಕೇರಿಯ ವ್ಯಾಪಾರಸ್ಥರ ಮಗಳು ಶಿವಗಂಗವ್ವ, ಗಂಡ ಸತ್ತವಳು.

ಮೊದಲು ಶಿವಗಂಗವ್ವ ಓದಿದಳು. ಶಾಲೆಯ ಹುಡುಗರು ಮಗ್ಗಿ ಒದರುವ ಧಾಟಿಯಲ್ಲಿ, ಒಂದೇ ಉಸಿರಿಗೆ. ಸಾಲು ಮುಗಿದಲ್ಲಿ ರಾಗ ಎಳೆಯುವುದು, ಅರ್ಥ ಮುಗಿದಲ್ಲಿ ಓಡುವುದು. ಏನು ಓದಿದಳೆಂದು ಅವಳಿಗೂ ತಿಳಿದಿರಲಿಕ್ಕಿಲ್ಲ. ಗೌರಕ್ಕನಿಗೆ ಕೇಳುತ್ತಲೇ ಕಿವಿಯಲ್ಲಿ ಗೀಟುಗಳು ತಪ್ಪುತ್ತಿದ್ದವು, ಒಳಗೊಳಗೇ ಧೈರ್ಯ ಬಂತು. ಆದರೆ ಶಿವಗಂಗವ್ವ ಎಲ್ಲಿಯೂ ನಿಲ್ಲಲಿಲ್ಲ. ಸಾಹೇಬರು "ಸಾಕು" ಎಂದು ಏನೋ ಬರೆದುಕೊಂಡರು.

ಗೌರಕ್ಕನಿಗೆ ಜೇನುಹುಳುಗಳ ಮೇಲಿನ ಪಾಠ ಕೊಟ್ಟರು. ಪುಟವನ್ನು ಕಣ್ಣಿನಲ್ಲೇ ಒಮ್ಮೆ ಆಡಿಸಿದಳು. ಒಂದು ಶಬ್ದವೂ ಎಡವುವಂಥದ್ದಲ್ಲ. ಗೀಟಿಲ್ಲದ ಪುಟದಲ್ಲಿ ಗೀಟು ಎಲ್ಲೆಲ್ಲಿ ಬರಬೇಕೆಂದು ಅವಳಿಗೆ ತಾನಾಗಿಯೇ ಕಂಡಿತು. ಐದು ತಿಂಗಳ ದುಡಿಮೆ ಅದು. ದನಿ ಎತ್ತಿ ಓದಿದಳು.

"ಜೇನುಹುಳುಗಳು ಮುಂಜಾನೆ ಗೂಡನ್ನು ಬಿಟ್ಟು ಹೊರಟು, ಹೂವಿನಿಂದ ಹೂವಿಗೆ ಹಾರಿ, ಸಂಜೆಯ ಹೊತ್ತಿಗೆ ಮಧುವನ್ನು ಹೊತ್ತುಕೊಂಡು ಬರುತ್ತವೆ."

ಎಲ್ಲಿ ಸಣ್ಣಗೆ ನಿಲ್ಲಬೇಕೋ ಅಲ್ಲಿ ನಿಂತಳು. ಕಡೆಗೆ ಪೂರ್ತಿ ನಿಂತಳು. ನಿಂತು, ಕಾದಳು.

ಕೋಣೆಯಲ್ಲಿ ಸಪ್ಪಳವಿಲ್ಲ. ಸಾಹೇಬರು ಹಾಳೆಯ ಮೇಲೆ ಕಣ್ಣಿಟ್ಟಿದ್ದರು. ಹೂಂ ಬರಲಿಲ್ಲ. ಬರದಿದ್ದರೆ ತಿಳಿದಿಲ್ಲ ಎಂದು ಅರ್ಥ, ತಿಳಿಯದಿದ್ದರೆ ತಿರುಗಿ ಓದಬೇಕು. ಅವಳು ತಿರುಗಿ ಓದಿದಳು. ಈ ಸಲ ಇನ್ನೂ ನಿಧಾನವಾಗಿ, ಇನ್ನೂ ಬಿಡಿಸಿ. ಮತ್ತೆ ಕಾದಳು.

ಸಾಹೇಬರು ತಲೆ ಎತ್ತಿದರು. "ಮುಂದ ಓದ್ರಿ."

ಅವಳು ಎರಡನೆಯ ವಾಕ್ಯ ಓದಿದಳು, ನಿಂತಳು. ನಾಲಿಗೆ ಮುಂದೆ ಹೋಗಲು ಒಲ್ಲದು. ಮುಂದಿನ ಅಕ್ಷರ ಕಣ್ಣಿಗೆ ಕಾಣುತ್ತಿದೆ, ಬಾಯಿಗೆ ಬರುತ್ತಿಲ್ಲ. ಯಾರೂ ಹೂಂ ಎನ್ನದ ಆ ಮೌನದಲ್ಲಿ ತಾನು ಏನೋ ದೊಡ್ಡ ತಪ್ಪು ಮಾಡುತ್ತಿದ್ದೇನೆ ಎಂದೇ ಅವಳಿಗೆ ಅನಿಸಿತು.

"ಓದ್ರಿ" ಎಂದರು ಸಾಹೇಬರು. ಅವಳು ಮತ್ತೊಂದು ವಾಕ್ಯ ಓದಿದಳು, ನಿಂತಳು. "ಓದ್ರಿ ಅಂದ್ರ ಒಂದೊಂದು ವಾಕ್ಯಕ್ಕ ಹೇಳಿಸಿಕೋತೀರೇನು?" ಎಂದು ಕೇಳಿದರು.

ಹೊರಗೆ ಕಟ್ಟೆಯ ಮೇಲೆ ಕೂತ ವೀರಪ್ಪ ಮಾಸ್ತರರಿಗೆ ಎಲ್ಲವೂ ಕೇಳಿಸುತ್ತಿತ್ತು. ಮೊದಲ ವಾಕ್ಯ ಕೇಳಿ ಹಿಗ್ಗಿದ್ದರು. ಎರಡನೆಯ ಸಲ ಅದನ್ನೇ ಕೇಳಿದಾಗ ಅವರಿಗೆ ಹೊಳೆಯಿತು. ಮೂವತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಮನುಷ್ಯ, ಗೀಟು ಅಳಿಸಲು ಕಲಿಸಿದರು, ಹೂಂ ಅಳಿಸಲು ಕಲಿಸಲಿಲ್ಲ. ಆಗ ತಡೆಯಲಾರದೆ ಕಿಟಕಿಗೆ ಮುಖ ಕೊಟ್ಟು, "ಹೂಂ" ಎಂದರು.

ಆ ಹೂಂ ಕೇಳಿದ್ದೇ ತಡ, ಗೌರಕ್ಕನ ಬಾಯಿ ಬಿಚ್ಚಿತು. ಒಂದು ವಾಕ್ಯ, ಹೂಂ, ಇನ್ನೊಂದು ವಾಕ್ಯ, ಹೂಂ. ರಾಣಿಹುಳುವಿನ ಮಾತು ಬಂದಾಗ ದನಿ ತಾನಾಗಿ ಗಂಭೀರವಾಯಿತು, ಗಂಡುಹುಳುಗಳ ಸೋಮಾರಿತನ ಬಂದಾಗ ಅದರಲ್ಲಿ ನಗು ಸೇರಿತು. ಬಾಗಿಲಲ್ಲಿದ್ದ ಜವಾನನೂ ಒಳಗೆ ಇಣುಕಿ ಕೇಳಿದ. ಅಂಥ ಓದನ್ನು ಆ ಕೋಣೆ ಅದಕ್ಕೂ ಮೊದಲು ಕೇಳಿರಲಿಕ್ಕಿಲ್ಲ. ನಾಲ್ಕು ವಾಕ್ಯ ನಡೆಯಿತು ಅದು.

ಸಾಹೇಬರು ಪೆನ್ನು ಕೆಳಗಿಟ್ಟರು. "ಹೊರಗಿಂದ ಯಾರು ಸನ್ನಿ ಮಾಡಾಕತ್ತಾರ?"

ಜವಾನ ಮಾಸ್ತರರನ್ನು ಒಳಗೆ ಕರೆತಂದ. ಮಾಸ್ತರರು ಕೈಮುಗಿದು, ಸನ್ನೆಯಲ್ಲ, ಇದು ಕೇಳುವ ರೂಢಿ, ಅತ್ತೆ ಕುರುಡಿ, ತಪ್ಪು ನನ್ನದು ಎಂದು ಏನೇನೋ ಹೇಳಿದರು. ಹೇಳುತ್ತ ಹೋದಷ್ಟೂ ಅದು ಕಟ್ಟಿದ ಕಥೆಯ ಹಾಗೆ ಕೇಳಿಸುತ್ತಿತ್ತು. ಸಾಹೇಬರು ಪೂರ್ತಿ ಕೇಳಿದರು. ಕೇಳಿ, "ಮಾಸ್ತರ, ನೀವು ಪಿಂಚಣಿ ಮನಷ್ಯಾ, ಇದು ನಿಮಗ ಶೋಭಿಸೂದಿಲ್ಲ" ಎಂದರು. ಗೌರಕ್ಕನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ, "ಸಾಲಿಯೊಳಗ ಮಕ್ಕಳು ನಿಮ್ಮ ಮಾರಿ ನೋಡಿ ಮುಂದ ಹೋಗತಾವು. ನೀವ ಇನ್ನೊಬ್ಬರ ಹೂಂ ಕಾಯ್ದರ ಹ್ಯಾಂಗ, ಬಾಯೀ?" ಎಂದರು.

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಅನ್ಯಾಯವಾಗಿದ್ದರೆ ಬೈದುಕೊಂಡಾದರೂ ಇರಬಹುದಾಗಿತ್ತು.

ಹಿಂದಿರುಗುವ ದಾರಿಯಲ್ಲಿ ಮಾಸ್ತರರು ಚಕ್ಕಡಿಯ ಅಂಚಿಗೆ ಒರಗಿ ಕೂತಿದ್ದರು. ಎರಡು ಹರದಾರಿ ಕಳೆದ ಮೇಲೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ವಾರಕ್ಕೆರಡು ಸಲ ಗ್ವಾಡಿ ಮುಂದ ಓದಸಬೇಕಿತ್ತು. ಕೇಳಾವರನ್ನ ಬದಲಿ ಮಾಡಬೇಕಿತ್ತು. ಜಾಗಾ ಬದಲಿ ಮಾಡಬೇಕಿತ್ತು" ಎಂದರು. ಮುದುಕನ ಬುದ್ಧಿ ಬಂಡಿ ಹೋದ ಮೇಲೆ ಬಂತು. ಅವತ್ತಿನಿಂದ ಅವರು ಗೌರಕ್ಕನ ಮನೆಯ ಮುಂದೆ ಹಾಯುವುದನ್ನು ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದರು.

ಮನೆ ಮುಟ್ಟಿದಾಗ ಭರಮವ್ವ ಹೊಸ್ತಿಲಲ್ಲೇ ಕೂತಿದ್ದಳು. ಗಾಲಿಯ ಸಪ್ಪಳಕ್ಕೆ ಎದ್ದು ನಿಂತು, "ಏನಾತವ್ವಾ ಗೌರಾ?" ಎಂದು ಕೇಳಿದಳು.

ಇಲ್ಲಿ ಗೌರಕ್ಕ ಒಂದು ಸುಳ್ಳು ಹೇಳಬಹುದಾಗಿತ್ತು. ಹುಕ್ಕೇರಿಯವರು ತಮ್ಮವಳನ್ನೇ ತೆಗೆದುಕೊಂಡರು ಎಂದಿದ್ದರೆ ಮುದುಕಿ ಹುಕ್ಕೇರಿಯವರನ್ನು ಶಪಿಸಿ ಸುಮ್ಮನಾಗುತ್ತಿದ್ದಳು. ಆದರೆ ದಿನವಿಡೀ ನುಂಗಿದ ಸಂಕಟ ಯಾರ ಮೇಲಾದರೂ ಬೀಳಲೇಬೇಕಾಗಿತ್ತು. ಬಿದ್ದದ್ದು, ತನ್ನನ್ನು ಹಚ್ಚಿಕೊಂಡಿದ್ದ ಒಂದೇ ಜೀವದ ಮೇಲೆ.

"ಏನಾಗತೈತ್ರಿ? ನಿಮ್ಮ ಹೂಂ ನನ್ನ ತಿಂತು" ಎಂದಳು. "ಯಾರೂ ಹೂಂ ಅನ್ನಲಿಲ್ಲ, ನನಗ ಓದಾಕ ಬರಲಿಲ್ಲ. ಮಗಾ ಸಂಸಾರ ತಿಂದ, ತಾಯಿ ಅನ್ನಾ ತಿಂದ್ಲು. ಇಬ್ಬರೂ ಕೂಡಿ ಮುಗಿಸಿದ್ರಿ."

ಭರಮವ್ವ ಗೋಡೆ ಹಿಡಿದುಕೊಂಡು ಒಳಗೆ ಹೋಗಿ ತನ್ನ ಮೂಲೆಯಲ್ಲಿ ಕೂತು, ಹತ್ತಿ ಬಿಡಿಸಲು ತೊಡಗಿದಳು.

ದೀಪಾವಳಿಗೆ ಕೆಂಪವ್ವ ಬಂದಳು. ರಾವಸಾಹೇಬ ಹೇಳಿದಂತೆಯೇ ಗೌರಕ್ಕನ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು, ಅತ್ತೆಯ ಹಾಸಿಗೆಯೂ ಅಲ್ಲಿಗೇ. ನೀರು, ಸಗಣಿ, ರೊಟ್ಟಿ, ಸವತಿಯ ಕೂಸಿನ ಬಟ್ಟೆ, ಎಲ್ಲವೂ ಅವಳ ಪಾಲಿಗೆ ಬಂದವು. ಸಾಲಿಗೆ ಶಿವಗಂಗವ್ವ ಅಕ್ಕೋರಾಗಿ ಬಂದಳು. ಒಂದು ವರ್ಷದೊಳಗೆ ಊರ ಹುಡುಗಿಯರೆಲ್ಲ ಸಾಲಿನ ಕೊನೆಗೆ ರಾಗ ಎಳೆದು ಓದಲು ಕಲಿತರು. ಗೌರಕ್ಕ ನೀರಿನ ಕೊಡ ಹೊತ್ತು ಆ ಕಿಟಕಿಯ ಮುಂದೆ ಹಾಯುವಾಗ ಅದು ಕೇಳಿಸುತ್ತಿತ್ತು. ತಪ್ಪಿದ ಗೀಟು ಒಂದೊಂದೂ ಅವಳಿಗೆ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು.

ಓದನ್ನು ಅವಳು ಬಿಡಲಿಲ್ಲ. ಹೊತ್ತು ಮುಳುಗುವ ಮುಂಚೆ ಹಿತ್ತಲ ಕಟ್ಟೆಯ ಮೇಲೆ ಕೂತು ದಿನಾ ಒಂದು ಪುಟ. ಭರಮವ್ವ ಬಾಜೂಕೆ ಕೂತು ಕೇಳುತ್ತಿದ್ದಳು. ಆದರೆ ಹೂಂ ಎನ್ನುತ್ತಿರಲಿಲ್ಲ. ಕಥೆಯಲ್ಲಿ ಕಳ್ಳ ಬರಲಿ, ಕರು ಸಾಯಲಿ, ತುಟಿ ಬಿಗಿದುಕೊಂಡು ಕೂಡುತ್ತಿದ್ದಳು. ಗೌರಕ್ಕನೂ ಅನ್ನಿರಿ ಎಂದು ಕೇಳಲಿಲ್ಲ. ಮೊದಲು ಸಿಟ್ಟಿನಿಂದ, ಆಮೇಲೆ ಬಾಯಿ ಬರದೆ. ಆಡಿದ ಮಾತನ್ನು ರಬ್ಬರಿನಿಂದ ಅಳಿಸಲು ಬರುವುದಿಲ್ಲವಲ್ಲ. ಹೀಗೆ ಮೂರು ವರ್ಷ ನಡೆಯಿತು. ಮೂರು ವರ್ಷದಲ್ಲಿ ಅವಳಿಗೆ ಹೂಂ ಇಲ್ಲದೆ ಓದುವ ರೂಢಿಯೂ ಆಯಿತು. ಯಾವ ಸಾಹೇಬರ ಮುಂದೆ ಬೇಕಾದರೂ ಈಗ ಅವಳು ಓದಬಲ್ಲಳು. ಕರೆಯುವ ಸಾಹೇಬರಿರಲಿಲ್ಲ.

ಮೂವತ್ತೈದರ ಮಾಘದಲ್ಲಿ ಭರಮವ್ವನಿಗೆ ಜ್ವರ ಬಂದು ಎದೆಗೆ ಇಳಿಯಿತು. ನಾಲ್ಕನೆಯ ದಿನ ಮಧ್ಯಾಹ್ನ, ರಾವಸಾಹೇಬ ಗಿರಣಿಯಲ್ಲಿದ್ದ, ಕೆಂಪವ್ವ ಮುಂದಿನ ಅಂಗಳದಲ್ಲಿದ್ದಳು. ಮುದುಕಿ ಕೈಯಾಡಿಸಿ ಸೊಸೆಯನ್ನು ಹುಡುಕಿ, "ಓದವ್ವಾ" ಎಂದಳು. ಗೌರಕ್ಕ ತಾಯಿ ಹಸುವಿನ ಕಥೆಯ ಪುಸ್ತಕ ತೆಗೆದಳು. ಪುಟಗಳಲ್ಲಿ ಅಳಿಸಿದ ಗೀಟುಗಳ ಗುರುತು ಇನ್ನೂ ಮಸುಕಾಗಿ ಉಳಿದಿತ್ತು. ಓದುತ್ತ ಓದುತ್ತ, ಮುದುಕಿ ಒಮ್ಮೆ ಅತ್ತಿದ್ದ ಆ ಜಾಗ ಬಂತು. ಗೌರಕ್ಕ ನಿಂತಳು. ಬೇಕೆಂದೇ ನಿಂತಳು. ಅತ್ತೆಯ ಮುಖ ನೋಡುತ್ತ ಕಾದಳು.

"ಹೂಂ ಅನ್ರೀ ಅತ್ತೀ" ಎಂದಳು. "ಒಂದ ಸಲ ಅನ್ರಿ."

ಭರಮವ್ವ ತಲೆಯಾಡಿಸಿದಳು. ಉಸಿರು ಕೂಡಿಸಿಕೊಂಡು, ಸಿಟ್ಟಿಲ್ಲದೆ, ಕೂಸಿಗೆ ಬುದ್ಧಿ ಹೇಳುವ ಹಾಗೆ ಹೇಳಿದಳು.

"ಬ್ಯಾಡ ನನ್ನವ್ವಾ. ಮತ್ತ ರೂಢಿ ಆಗತೈತಿ ನಿನಗ."

ಅವತ್ತು ಸಂಜೆ ಅವಳು ಹೋದಳು. ಕಥೆಯ ಆ ಪುಟ ಅರ್ಧಕ್ಕೇ ಉಳಿಯಿತು.

ಆಮೇಲೂ ಗೌರಕ್ಕ ಬಹಳ ವರ್ಷ ಬದುಕಿದಳು. ನಲವತ್ತರ ಆಚೆ ಯುದ್ಧ ಜೋರಾದಾಗ ಹತ್ತರಗಿಯ ಹುಡುಗರೂ ಕೆಲವರು ಪಲ್ಟನಿಗೆ ಹೋದರು. ಅವರ ಕಾಗದ ಬಂದರೆ ಓದಿಸಿಕೊಳ್ಳಲು ತಾಯಂದಿರು ಅಕ್ಕೋರ ಹತ್ತಿರ ಹೋಗುತ್ತಿರಲಿಲ್ಲ, ಓದೂ ಗೌರಕ್ಕನ ಹಿತ್ತಲಿಗೆ ಬರುತ್ತಿದ್ದರು. ಮಗನೇ ಎದುರು ಕೂತು ಮಾತಾಡಿದ ಹಾಗೆ ಓದುತ್ತಾಳೆ ಎನ್ನುತ್ತಿದ್ದರು. ಕೇಳುತ್ತ ಕೇಳುತ್ತ ಅವರಲ್ಲಿ ಯಾರಾದರೂ ರೂಢಿಯ ಮೇರೆಗೆ ಹೂಂ ಎಂದರೆ, ಗೌರಕ್ಕ ಕಾಗದ ಕೆಳಗಿಟ್ಟು, "ಹಂಗ ಅನಬ್ಯಾಡ್ರಿ, ಸುಮ್ಮನ ಕೇಳ್ರಿ" ಎನ್ನುತ್ತಿದ್ದಳು. ಯಾಕೆಂದು ಅವರು ಕೇಳಿದರೆ ಹೇಳುತ್ತಿರಲಿಲ್ಲ.